ಹಣೆಯ ಮೊಳೆ

ಮೇಣದ ಮುಖ ನೋಡಲು ಹಟ್ಟಿಯವರು ಮಂಗಳವಾರವೇ ಬಂದರು. ಮೂರ್ತಿ ಮಾಡಿಸುವವರು ಹೀಗೆ ಒಮ್ಮೆ ಬಂದು ನೋಡಿ ಒಪ್ಪುವುದು ಕೊಟ್ಟೂರಿನ ಈ ಮನೆಯ ಹಳೆಯ ಕ್ರಮ. ಮೇಣದಲ್ಲಿ ಇರುವವರೆಗೆ ಮೂಗನ್ನು ತಿದ್ದಬಹುದು, ಗಲ್ಲವನ್ನು ಒತ್ತಬಹುದು. ಮೇಲೆ ಮಣ್ಣು ಕೂತಿತೆಂದರೆ ಮುಗಿಯಿತು. ಆಮೇಲೆ ಕಂಚಿನಲ್ಲಿ ಬರುವುದು ಅದೇ ಮುಖ.

ಮೇಣದ ಮುಖ ಮಾಡಿದ ನಾಗಲಿಂಗಮ್ಮ ಬಂದವರನ್ನು ನಡುಮನೆ ದಾಟಿಸಿ ಒಳಗಿನ ಕತ್ತಲೆ ಕೋಣೆಗೆ ಕರೆದುಕೊಂಡು ಹೋದಳು. ಬಿಸಿಲು ಆಗಲೇ ಏರಿತ್ತು. ಹೊರಗಿಟ್ಟರೆ ಮೇಣ ಬಾಗುತ್ತದೆಂದು ಮೂರ್ತಿಯನ್ನು ಆ ಕೋಣೆಯಲ್ಲಿ ಎರಡು ನೀರಿನ ಗಡಿಗೆಗಳ ನಡುವೆ ಕೂರಿಸಿದ್ದಳು. ಜೇನುಮೇಣಕ್ಕೆ ರಾಳ ಬೆರೆಸಿ, ಶೇಂಗಾ ಎಣ್ಣೆ ಹಾಕಿ ಕಾಯಿಸುವಾಗಲೇ ಈ ಸಲ ರಾಳವನ್ನು ಒಂದು ಹಿಡಿ ಹೆಚ್ಚು ಹಾಕಿದ್ದಳು. ಚಳಿಗಾಲದ ಹದ ಬೇರೆ, ಬೇಸಿಗೆಯ ಹದ ಬೇರೆ. ಅದನ್ನು ಯಾರೂ ಬರೆದಿಟ್ಟಿಲ್ಲ. ಉಗುರಿನಿಂದ ಗೀರಿದರೆ ತಿಳಿಯುತ್ತದೆ.

ಬಂದವರು ಇಬ್ಬರು. ಹಿರೇಹಡಗಲಿ ಕಡೆಯ ಕುರಿಹಟ್ಟಿಯ ಯಜಮಾನ ಕರಿಸಿದ್ದಪ್ಪ, ಮತ್ತು ಹಟ್ಟಿಯ ದೇವತೆ ಮಾಳವ್ವನ ಸೇವೆ ಮಾಡುವ ಪಾಲಮ್ಮ. ಪಾಲಮ್ಮನಿಗೆ ಎಪ್ಪತ್ತು ದಾಟಿತ್ತು. ನಲವತ್ತು ವರ್ಷ ಪ್ರತಿ ಮಂಗಳವಾರ ಮಾಳವ್ವನ ಮುಖ ತೊಳೆದು ಅರಿಶಿಣ ಹಚ್ಚಿದವಳು. ಹಟ್ಟಿಯ ಅರ್ಧ ಜನರ ಬಾಣಂತಿತನ ಮಾಡಿಸಿದವಳೂ ಅವಳೇ. ಹೋದ ವರ್ಷ ಪಲ್ಲಕ್ಕಿಯ ಬೊಂಬು ಜಾರಿ ಹಳೆಯ ಮೂರ್ತಿ ಕಲ್ಲಿನ ಮೇಲೆ ಬಿದ್ದು ಕುತ್ತಿಗೆ ಬಿರಿದಿತ್ತು. ಬಿರಿದ ದೇವರಿಗೆ ಪೂಜೆ ಇಲ್ಲ. ಹೊಸದನ್ನು ಎರೆಯಿಸಬೇಕು, ಹಳೆಯ ಅವ್ವನ ಲೋಹವೆಲ್ಲ ಹೊಸ ಅವ್ವನೊಳಗೆ ಹೋಗಬೇಕು ಎಂದು ಹಟ್ಟಿಯವರು ತೀರ್ಮಾನಿಸಿದ್ದರು. ಮುಖ ಮಾತ್ರ ಅದೇ ಇರಬೇಕು. ಅದೊಂದು ಮಾತನ್ನು ಕರಿಸಿದ್ದಪ್ಪ ಬಂದಾಗಲೆಲ್ಲ ಹೇಳುತ್ತಿದ್ದ.

ಅದೇ ಮುಖ ಎಂದರೆ ಯಾವ ಮುಖ? ಹಳೆಯ ಮೂರ್ತಿಯನ್ನು ಹದಿನೈದು ದಿನ ಎದುರಿಗಿಟ್ಟುಕೊಂಡು ನೋಡಿ ನಾಗಲಿಂಗಮ್ಮ ಹಟ್ಟಿಗೆ ಮರಳಿಸಿದ್ದಳು. ತಲೆಮಾರುಗಳ ಅರಿಶಿಣದ ಕೈ ಉಜ್ಜಿ ಉಜ್ಜಿ ಮೂಗಿನ ತುದಿ ಸವೆದಿತ್ತು, ತುಟಿ ಬರೀ ಒಂದು ಗೆರೆಯಾಗಿತ್ತು. ಸವೆದದ್ದನ್ನು ಹಾಗೆಯೇ ಮಾಡಿದರೆ ಅದು ಸವೆದ ಮುಖದ ನಕಲು. ಸವೆಯುವ ಮೊದಲಿನದನ್ನು ಮಾಡೋಣವೆಂದರೆ ಅದನ್ನು ಕಂಡವರು ಯಾರೂ ಉಳಿದಿಲ್ಲ. ಅವಳು ಎರಡರ ನಡುವೆ ಒಂದು ಕಡೆ ನಿಂತಿದ್ದಳು. ತಾನು ನಿಂತ ಜಾಗ ಸರಿಯಿದೆ ಎಂಬ ಧೈರ್ಯ ಅವಳಿಗಿತ್ತು.

ಪಾಲಮ್ಮ ದೀಪದ ಬೆಳಕಿನಲ್ಲಿ ಮುಖವನ್ನು ಒಮ್ಮೆ ನೋಡಿದಳು. ಆಮೇಲೆ ಕಣ್ಣು ಮುಚ್ಚಿ ಕೈ ಚಾಚಿದಳು.

"ಒತ್ತಬ್ಯಾಡವ್ವಾ, ಮೇಣ," ಎಂದಳು ನಾಗಲಿಂಗಮ್ಮ.

"ಕೂಸಿನ ನೆತ್ತಿ ಮುಟ್ಟಿದ ಕೈ ಇದು. ನೀ ಸುಮ್ನಿರು."

ಬೆರಳುಗಳು ಗಲ್ಲದಿಂದ ಕೆನ್ನೆಗೆ, ಕೆನ್ನೆಯಿಂದ ಕಣ್ಣಿನ ಕೆಳಗಿನ ಎಲುಬಿಗೆ ಹೋದವು. ಎಡಗೆನ್ನೆಯ ಮೇಲೆ ನಿಂತವು. "ಇಲ್ಲಿ ಇಷ್ಟು ತುಂಬಿಲ್ಲವ್ವಾ ಆಕೀದು. ಈ ಕಡಿ ಒಂಚೂರು ಸೊರಗ್ಯಾಳ."

ನಾಗಲಿಂಗಮ್ಮ ಕಬ್ಬಿಣದ ಕಡ್ಡಿಯನ್ನು ದೀಪಕ್ಕೆ ಹಿಡಿದು, ಎಡಗೆನ್ನೆಯ ಮೇಣವನ್ನು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ ತೆಗೆದು ಬೆರಳಿನಿಂದ ನಯಮಾಡಿದಳು. ಪಾಲಮ್ಮ ಮತ್ತೆ ಮುಟ್ಟಿದಳು.

"ಹ್ಞಾಂ. ಈಗ ಬಂದ್ಲು ನೋಡು."

ಆ ಕೈ ಮೇಲೇರಿ ಹಣೆಗೆ ಹೋದಾಗ ತಟ್ಟನೆ ಹಿಂದೆ ಸರಿಯಿತು. ಅವಳು ಕಣ್ಣು ಬಿಟ್ಟಳು.

"ಇದೇನಿದು? ಅವ್ವನ ಹಣಿಗೆ ಮೊಳಿ ಹೊಡದೀರಿ?"

"ಅದು ಇರಬೇಕವ್ವಾ," ಎಂದಳು ನಾಗಲಿಂಗಮ್ಮ. "ಮೂರ್ತಿ ಪೊಳ್ಳು ಐತಿ. ಒಳಗ ಮಣ್ಣಿನ ಗರ್ಭ ಐತಿ, ಅದರ ಮ್ಯಾಲ ರೊಟ್ಟಿಯಷ್ಟು ದಪ್ಪ ಮೇಣ, ಮೇಣದ ಮ್ಯಾಲ ಮತ್ತ ಹೊರಗಿನ ಮಣ್ಣು. ನಾಳಿ ಮೇಣ ಕರಗಿ ಹೋತಂದ್ರ ಒಳಗಿನ ಗರ್ಭಾನ ಹಿಡಿಯೋರ್ಯಾರು? ಈ ಆರು ಮೊಳಿ ಹಿಡೀತಾವ. ನೆತ್ತಿಗೊಂದು, ಕಿವಿ ಹಿಂದ ಒಂದೊಂದು, ತುರುಬಿನ ಕೆಳಗ ಎರಡು, ಹಣಿಗೊಂದು. ಎರಕ ಆದ ಮ್ಯಾಲ ಕಿತ್ತು, ಅದೇ ಲೋಹ ಬಡದು ಮುಚ್ಚತೀವಿ. ಹಣೀದು ಕುಂಕುಮದ ಕೆಳಗ ಹೋಗ್ತೈತಿ, ಕಾಣಂಗಿಲ್ಲ."

"ಕಾಣಲಿ ಬಿಡಲಿ. ಹಣಿಗೆ ಮೊಳಿ ದೆವ್ವ ಹಿಡದೋರಿಗೆ ಹೊಡೀತಾರ."

"ಏ ಪಾಲವ್ವ," ಎಂದ ಕರಿಸಿದ್ದಪ್ಪ, "ಅವರ ಕಸುಬು ಅವರಿಗೆ ಗೊತ್ತು. ಕುರಿ ಉಣ್ಣೆ ಕತ್ತರಿಸುವಾಗ ಅವರು ಬಂದು ಹೇಳ್ತಾರೇನು ನಿನಗ?"

ಪಾಲಮ್ಮ ಮೂರ್ತಿಯ ಮುಂದೆಯೇ ಕೂತಳು. "ಒಂದು ಗಳಿಗಿ ಆಕಿ ಮುಂದ ಕುಂತು ಬರ್ತೀನಿ, ನೀವು ನಡೀರಿ," ಎಂದಳು. ನಾಗಲಿಂಗಮ್ಮ ಮಜ್ಜಿಗೆ ಕಡೆಯಲು ಅಡುಗೆಮನೆಗೆ ಹೋದಳು. ಮಜ್ಜಿಗೆ ಕುಡಿದು, ಮಂಡಕ್ಕಿ ತಿಂದು, ಹಟ್ಟಿಯವರು ಹನ್ನೆರಡರ ಬಸ್ಸಿಗೆ ಹೋದರು.

ಮರುದಿನ ಮಣ್ಣಿನ ಕೆಲಸ ಹಿಡಿಯಿತು. ಮೊದಲ ಲೇಪಕ್ಕೆ ಮದಲಗಟ್ಟಿಯ ಹೊಳೆದಂಡೆಯ ಮೆಕ್ಕಲು ಮಣ್ಣು, ಸುಟ್ಟ ಭತ್ತದ ಹೊಟ್ಟಿನ ಕರಿ. ಎರಡನ್ನೂ ಬಟ್ಟೆಯಲ್ಲಿ ಸೋಸಿ, ಅರೆದು, ಗಂಜಿಯಂತೆ ಮಾಡಿದ್ದು. ರೆಪ್ಪೆಯ ಗೆರೆಯನ್ನೂ ಕಿವಿಯೋಲೆಯ ಚುಕ್ಕಿಯನ್ನೂ ಹಿಡಿಯುವುದು ಈ ಲೇಪವೇ. ಇದಾದ ಮೇಲೆ ಹೊಲದ ಮಣ್ಣು, ಆಮೇಲೆ ಮರಳು ಬೆರೆತ ದಪ್ಪ ಮಣ್ಣು, ಕೊನೆಗೆ ಕಬ್ಬಿಣದ ತಂತಿಯ ಕಟ್ಟು. ಪ್ರತಿ ಲೇಪವೂ ನೆರಳಿನಲ್ಲಿಯೇ ಒಣಗಬೇಕು.

ಮೊದಲ ಲೇಪ ಹಚ್ಚುವುದು ನಾಗಲಿಂಗಮ್ಮನ ಕೆಲಸ. ಈ ಮನೆಗೆ ಸೊಸೆಯಾಗಿ ಬಂದ ವರ್ಷವೇ ಅತ್ತೆ ಕಲಿಸಿದ್ದಳು. ಮೇಣ, ಮಣ್ಣು ಹೆಂಗಸರದು. ಬೆಂಕಿ, ಲೋಹ ಗಂಡಸರದು. ಅತ್ತೆ ಇನ್ನೊಂದನ್ನೂ ಕಲಿಸಿದ್ದಳು. ಬೆನ್ನಿನಿಂದ ಶುರುಮಾಡಿ ಮುಖವನ್ನು ಕೊನೆಗೆ ಮುಚ್ಚಬೇಕು, ಮುಚ್ಚುವಾಗ ಕಣ್ಣು ಮುಚ್ಚಿಕೊಳ್ಳಬೇಕು. "ದೇವರ ಮುಖಕ್ಕ ಮಣ್ಣು ಬೀಳೋದನ್ನ ನೋಡಬಾರದು," ಎಂದಿದ್ದಳು. ಮೂವತ್ತು ವರ್ಷ ನಾಗಲಿಂಗಮ್ಮ ಹಾಗೆಯೇ ಮಾಡಿದ್ದಳು. ಆ ಕತ್ತಲೆ ಅವಳಿಗೆ ಇಷ್ಟವೂ ಆಗಿತ್ತು. ಕಣ್ಣಿಗೆ ಕೆಲಸವಿಲ್ಲದಾಗ ಬೆರಳು ಬಹಳ ಹೇಳುತ್ತದೆ. ಯಾರ ಮಾತೂ ಇಲ್ಲ, ಯಾರ ಅಡುಗೆಯೂ ಇಲ್ಲ, ತಾನು ಮಾಡಿದ ಮುಖ ತನ್ನ ಅಂಗೈಯ ಕೆಳಗೆ ತಣ್ಣಗೆ.

ಈ ಸಲವೂ ಬೆರಳು ಹಣೆಯ ಮೇಲೆ ನುಣ್ಣಗೆ ಜಾರಿತು. ಎಲ್ಲಿಯೂ ತಡೆಯಲಿಲ್ಲ. ಯಾವುದೋ ಒಂದು ಕ್ಷಣ ಮನಸ್ಸಿಗೆ ಏನೋ ಅನ್ನಿಸಿತು. ಅದನ್ನು ಅವಳು ಹಿಡಿದು ಕೇಳಲಿಲ್ಲ.

ಎರಕದ ದಿನ ಬೆಳಗಿನ ಜಾವಕ್ಕೇ ಸಂಜೀವ ಹಿತ್ತಿಲಲ್ಲಿ ಸಗಣಿ ಕುಳ್ಳಿನ ಒಟ್ಟಿಲು ಹಚ್ಚಿದ. ಸಂಜೀವ ಅವಳ ಮೈದುನ. ಗಂಡ ಮೌನೇಶಾಚಾರಿ ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಅಂದಿನಿಂದ ಲೋಹ ಕರಗಿಸುವ ಮೂಸೆ ಹಿಡಿಯುವವನೂ ಅವನೇ, "ಹೊಯ್ಯಿ" ಎಂಬ ಮಾತು ಹೇಳುವವನೂ ಅವನೇ. ಆದರೆ ಈ ನಾಲ್ಕು ವರ್ಷದಲ್ಲಿ ಎರೆದವೆಲ್ಲ ಗೇಣುದ್ದದ ಗಟ್ಟಿ ಮೂರ್ತಿಗಳು. ಇಷ್ಟು ದೊಡ್ಡ ಪೊಳ್ಳು ಮುಖ ಇದೇ ಮೊದಲು.

ಮಣ್ಣಿನ ಅಚ್ಚು ಬಾಯಿ ಕೆಳಗಾಗಿ ಬೆಂಕಿಯ ಮೇಲೆ ಕೂತಿತ್ತು. ಮೊದಲು ಒಂದು ಹನಿ, ಆಮೇಲೆ ದಾರದಂತೆ, ಮೇಣವೆಲ್ಲ ಕೆಳಗಿನ ನೀರಿನ ತಟ್ಟೆಗೆ ಇಳಿಯಿತು. ನೊರೆಯಂತೆ ತೇಲಿದ ಆ ಹಳದಿ ಗಟ್ಟಿಯನ್ನು ನಾಗಲಿಂಗಮ್ಮ ತೆಗೆದು ಬದಿಗಿಟ್ಟಳು. ಅದೇ ಮೇಣ ಮುಂದಿನ ಮೂರ್ತಿಗೆ ಬರುತ್ತದೆ. ಇಳಿಯದೆ ಮಣ್ಣು ಹೀರಿದ ಮೇಣವೂ ಸುಟ್ಟು, ಹೊಗೆಯ ವಾಸನೆ ನಿಲ್ಲುವವರೆಗೆ ಅಚ್ಚು ಕಾಯಬೇಕು. ಒಳಗಿನ ಗರ್ಭದಲ್ಲಿ ಒಂದು ಹನಿ ತೇವ ಉಳಿದರೂ ಕಾದ ಲೋಹ ಸಿಡಿದು ಹೊರಗೆ ಬರುತ್ತದೆ.

ಇತ್ತ ಕುಲುಮೆಯಲ್ಲಿ ತಾಮ್ರ ಕರಗುತ್ತಿತ್ತು. ತೂಗಿದ ಮೇಣದ ಹತ್ತರಷ್ಟು ಲೋಹ ಎಂಬುದು ಲೆಕ್ಕ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಹಳೆಯ ಮಾಳವ್ವನದೇ. ಎಂಟು ಗಂಟೆಗೆ ಕರಿಸಿದ್ದಪ್ಪನೂ ಪಾಲಮ್ಮನೂ ಆ ಹಳೆಯ ಮೂರ್ತಿಯನ್ನು ಹೊಸ ಸೀರೆಯಲ್ಲಿ ಸುತ್ತಿ ತಂದರು. ಪೂಜೆಯಾಯಿತು. ಮೂಸೆಯ ಬಾಯಿಗೆ ಇಡಿಯಾಗಿ ಹಿಡಿಯದ್ದರಿಂದ ಸಂಜೀವ ಸೀರೆಯ ಮಡಿಕೆ ಬಿಚ್ಚದೆಯೇ ಸುತ್ತಿಗೆಯಿಂದ ಒಡೆದ. ಪಾಲಮ್ಮ ಗೋಡೆಯ ಕಡೆ ಮುಖ ಮಾಡಿ ನಿಂತಿದ್ದಳು. ತುಂಡುಗಳು ಒಂದೊಂದಾಗಿ ಮೂಸೆಗೆ ಇಳಿದವು. ಕೊನೆಯ ತುಂಡು ಎಡಗೆನ್ನೆಯದು. ಅದು ಕೆಂಪಾಗಿ, ಮೆತ್ತಗಾಗಿ, ಉಳಿದುದರೊಳಗೆ ಕುಸಿಯಿತು.

ಪಾಲಮ್ಮ ಕಣ್ಣೊರೆಸಿಕೊಂಡು ಹತ್ತಿರ ಬಂದಳು. ಸೆರಗಿನ ತುದಿಯ ಗಂಟು ಬಿಚ್ಚಿದಳು.

"ನಾಗಲಿಂಗವ್ವ, ಇದನ್ನೂ ಒಳಗ ಹಾಕಬೇಕೇನು? ಆಕೀ ಮೈಗೆ ಮುಟ್ಟಿದ್ದು ಅಂತ ಇಟ್ಕೊಂಡಿದ್ದೆ."

ಅರಿಶಿಣದ ಬಟ್ಟೆಯಲ್ಲಿ ಒಂದು ಕಬ್ಬಿಣದ ಮೊಳೆ.

ನಾಗಲಿಂಗಮ್ಮ ಅದನ್ನು ಕೈಗೆ ತೆಗೆದುಕೊಂಡಳು. ತಲೆ ಚಪ್ಪಟೆ ಬಡಿದ, ಎರಡು ಬೆರಳು ಉದ್ದದ ಮೊಳೆ. ಅವಳೇ ಆರಿಸಿ ಉಜ್ಜಿದ್ದು.

"ಹಣೀದು," ಎಂದಳು.

"ಹೌದು. ಅವತ್ತ ನೀ ಮಜ್ಜಿಗಿಗೆ ಹೋಗಿದ್ದೆಲ್ಲ, ತಗದೆ. ತೂತಿಗೆ ಅಲ್ಲೇ ಬಿದ್ದ ಚೂರು ಮೇಣ ಒತ್ತಿ ನುಣ್ಣಗ ಮಾಡಿದೆ. ಐದು ಉಳದಾವಲ್ಲ, ಸಾಕು ಬಿಡು."

ಸಂಜೀವ ಮೂಸೆ ಕಲಕುತ್ತಿದ್ದ ಸರಳನ್ನು ಹಾಗೇ ಹಿಡಿದು ನಿಂತ. "ಅತ್ತಿಗಿ, ಮೊದಲ್ನೇ ಲೇಪಕ್ಕ ನಿಮಗ ಗೊತ್ತಾಗಲಿಲ್ಲೇನ್ರಿ?"

"ಕಣ್ಣು ಮುಚ್ಚಿದ್ದೆ," ಎಂದಳು ಅವಳು. ಸುಳ್ಳು ಹೇಳಬೇಕೆನಿಸಲಿಲ್ಲ. "ಬೆರಳು ಹೇಳಿತ್ತು, ನಾ ಕೇಳಲಿಲ್ಲ."

ಪಾಲಮ್ಮ ಇಬ್ಬರ ಮುಖವನ್ನೂ ನೋಡಿದಳು. ಏನೋ ಆಗಿದೆಯೆಂದು ಅವಳಿಗೆ ಈಗ ತಿಳಿಯಿತು. "ಏನಾತು? ಏನಾತು ಹೇಳ್ರೇ."

ನಾಗಲಿಂಗಮ್ಮ ಅವಳ ಕೈ ಹಿಡಿದು ಹೇಳಿದಳು. "ಲೋಹ ಒಳಗ ಹೋದ ಕೂಡಲೇ ಒಳಗಿನ ಮಣ್ಣಿನ ಗರ್ಭ ತೇಲತೈತಿ, ಬಾವ್ಯಾಗ ಸೋರಿಬುರುಡಿ ತೇಲಿದಂಗ. ಹಣಿಗೆ ಮೊಳಿ ಇದ್ದಿದ್ರ ಮುಂದಕ್ಕ ಬರ್ತಿದ್ದಿಲ್ಲ. ಈಗ ಬಂದು ಮುಖಕ್ಕ ಅಂಟಿಕೊಂಡ್ರ ಅಲ್ಲಿ ಲೋಹಕ್ಕ ಜಾಗ ಇರಂಗಿಲ್ಲ. ಹಣಿ, ಮೂಗು, ಗಲ್ಲ ಎಲ್ಲಾ ತೂತು ಬೀಳತೈತಿ."

ಮುದುಕಿ ಅಲ್ಲೇ ಕಟ್ಟೆಯ ಮೇಲೆ ಕೂತುಬಿಟ್ಟಳು. "ಆಕಿ ಇಲ್ಲದಂಗ ಮಾಡಿದ್ನೇನವ್ವಾ ನಾನು?"

ಸಂಜೀವ ಮೆಲ್ಲಗೆ ಅಂದ, "ಅತ್ತಿಗಿ, ಈ ಅಚ್ಚು ಒಡದು ಬಿಡೂನ್ರಿ. ಲೋಹ ಎಲ್ಲಿ ಹೋಗ್ತೈತಿ, ಇರತೈತಿ. ಹಳೇ ಅವ್ವನ ಫೋಟೋ ಐತಲ್ಲ, ನೋಡಿ ಮತ್ತ ಮಾಡೂನು."

"ಫೋಟೋದಾಗ ಅರಿಶಿಣ ಕುಂಕುಮ ಐತಿ. ಮುಖ ಎಲ್ಲೈತಿ?"

ಹಾಗೆ ಅಂದ ಮೇಲೆಯೇ ಅವಳಿಗೆ ತನ್ನ ಮಾತಿನ ಭಾರ ತಿಳಿದದ್ದು. ಹಳೆಯ ಮುಖ ಮೂಸೆಯಲ್ಲಿ ಕರಗಿತು. ಮೇಣದ ಮುಖ ಬದಿಯಲ್ಲಿ ಹಳದಿ ಗಟ್ಟಿಯಾಗಿ ಬಿದ್ದಿದೆ. ಪಾಲಮ್ಮನ ಕೈ ಹುಡುಕಿ ಹೇಳಿದ ಆ ಸೊರಗಿದ ಎಡಗೆನ್ನೆ ಈಗ ಇರುವುದು ಒಂದೇ ಕಡೆ, ಕಾದ ಮಣ್ಣಿನೊಳಗೆ, ರೊಟ್ಟಿ ದಪ್ಪದ ಒಂದು ಖಾಲಿ ಜಾಗವಾಗಿ. ಅಚ್ಚು ಒಡೆದರೆ ಅದೂ ಹೋಗುತ್ತದೆ. ತಣ್ಣಗಾಗಲು ಬಿಟ್ಟು ಹೊರಗಿನಿಂದ ಕೊರೆದು ಮೊಳೆ ತೂರಿಸೋಣವೆಂದರೆ ಆರಿದ ಮಣ್ಣು ಬಿರಿಯುತ್ತದೆ, ಉದುರಿದ ಪುಡಿಯೆಲ್ಲ ಮುಖದ ಮೇಲೆ ಕೂರುತ್ತದೆ.

ಅವಳು ಕುಣಿಯ ಅಂಚಿಗೆ ಹೋಗಿ ನಿಂತಳು. ಅಚ್ಚನ್ನು ನೆಟ್ಟಗೆ, ದೇವರು ಕೂತಂತೆ ಕೂರಿಸಲು ತೋಡಿದ ಕುಣಿ. ಗಂಡ ಯಾವಾಗಲೂ ಹಾಗೆಯೇ ಕೂರಿಸುತ್ತಿದ್ದ, ಅವನ ಅಪ್ಪನೂ. ನೆಟ್ಟಗೆ ಕೂತರೆ ತೇಲಿದ ಗರ್ಭ ಯಾವ ಕಡೆ ಹೋಗುತ್ತದೆ? ಮೇಲಕ್ಕೆ, ಮತ್ತು ತಡೆಯಿಲ್ಲದ ಕಡೆಗೆ. ತಡೆ ಇಲ್ಲದಿರುವುದು ಹಣೆಯಲ್ಲಿ. ತಡೆ ಎಲ್ಲಿದೆ? ತುರುಬಿನ ಕೆಳಗೆ. ಅಲ್ಲಿ ಎರಡು ಮೊಳೆ ಇವೆ.

ತೇಲುವುದನ್ನು ನಿಲ್ಲಿಸಲಾಗದು. ಎತ್ತ ತೇಲಬೇಕೆಂಬುದನ್ನು ಹೇಳಬಹುದು.

ಉತ್ತರ ಅವಳಿಗೆ ಯೋಚನೆಯಾಗಿ ಬರಲಿಲ್ಲ, ಮೈಯಲ್ಲಿ ಬಂತು. ದಿನವೂ ಬೆಳಿಗ್ಗೆ ಹಿಟ್ಟಿನ ಕೊಣಮಿಗೆಯ ಮುಂದೆ ಕೂತು ರೊಟ್ಟಿ ಬಡಿಯುವಾಗ ಬೆನ್ನು ಮೇಲಾಗಿ, ಮುಖ ಕೆಳಗಾಗಿ ತಾನು ಬಾಗುವ ರೀತಿ. ಹಾಗೆ ಬಾಗಿಸಿದರೆ ಮೇಲಾಗುವುದು ತುರುಬು. ಗರ್ಭ ತೇಲಿ ಅಲ್ಲಿಗೇ ಹೋಗುತ್ತದೆ, ಎರಡು ಮೊಳೆಗಳಿಗೆ ಬೆನ್ನು ಕೊಡುತ್ತದೆ. ಮುಖ ಕೆಳಗಿರುತ್ತದೆ. ಕಸರು, ಗುಳ್ಳೆ ಮೇಲೆ ಏರುತ್ತವೆ, ಶುದ್ಧ ಲೋಹ ಮೊದಲು ಮುಖವನ್ನೇ ತುಂಬುತ್ತದೆ. ಲೋಹ ಹೊಯ್ಯುವ ಬಾಯಿ ಮೊದಲೇ ಬೆನ್ನಿನ ಕಡೆ ಓರೆಯಾಗಿದೆ, ಬಾಗಿಸಿದರೆ ಅದು ನೆಟ್ಟಗಾಗುತ್ತದೆ. ನೆತ್ತಿಯ ಗಾಳಿದಾರಿ ಓರೆಯಾದರೂ ಮೇಲಕ್ಕೇ ಇರುತ್ತದೆ. ಗರ್ಭದ ನಡುವೆ ಕಬ್ಬಿಣದ ಸರಳಿದೆ, ಲೋಹ ಬರುವವರೆಗೆ ಅದು ಕುಸಿಯದಂತೆ ಹಿಡಿಯುತ್ತದೆ. ಅವಳು ಒಂದೊಂದನ್ನೂ ಎರಡೆರಡು ಸಲ ನೋಡಿಕೊಂಡಳು. ಎಲ್ಲ ಕೂಡಿಬಂತು.

"ಸಂಜೀವ, ಕುಣಿ ಮುಂದಕ್ಕ ಎರಡು ಗೇಣು ಅಗಲ ಮಾಡು. ಮುಖ ಕೆಳಗ ಮಾಡಿ ಬಗ್ಗಿಸಿ ಇಡೂನು."

ಅವನು ಅವಳನ್ನೇ ನೋಡಿದ. ಅರ್ಥವಾಗಲು ಅವನಿಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ, ಕಸುಬಿನವನು. ಆದರೂ ಕೈ ಆಡಲಿಲ್ಲ. "ಖರೇ ಐತ್ರಿ. ಆದ್ರ ದೇವರ ಮುಖ ನೆಲಕ್ಕ ಮಾಡಿ... ನಮ್ಮಪ್ಪ ಇದ್ದಿದ್ರ ಕುಣ್ಯಾಗ ನನ್ನನ್ನ ಹಾಕ್ತಿದ್ದ."

"ಬ್ಯಾಡ್ರವ್ವಾ," ಎಂದ ಕರಿಸಿದ್ದಪ್ಪ. "ಅವ್ವನ್ನ ಬೋರಲ ಹಾಕೋದು ಹಟ್ಟಿಗೆ ಒಳ್ಳೇದಲ್ಲ. ನಾಳಿ ಒಂದು ಕುರಿ ಸತ್ರೂ ಅದನ್ನ ಆಡ್ತಾರ."

ಅಲ್ಲಿಯವರೆಗೆ ತಲೆ ತಗ್ಗಿಸಿ ಕೂತಿದ್ದ ಪಾಲಮ್ಮ ಎದ್ದಳು.

"ಕರಿಸಿದ್ದ, ನೀ ಹೆಂಗ ಹುಟ್ಟಿದಿ ಗೊತ್ತೇನಲೇ? ಬೋರಲ. ನಿಮ್ಮವ್ವ ಮಲಗಿದ್ಲು, ನೀ ಮುಖ ನೆಲಕ್ಕ ಮಾಡಿ ನನ್ನ ಕೈಯಾಗ ಬಂದಿ. ಎಲ್ಲಾ ಕೂಸೂ ಹಂಗ ಬರ್ತಾವ. ಆಕಾಶ ನೋಡ್ಕೊಂತ ಬರೋ ಕೂಸು ತಾಯಿನ್ನ ಎರಡು ದಿನ ಕಾಡತೈತಿ. ನಿನ್ನ ತಮ್ಮ ಹಂಗ ಬಂದಾನ, ಇವತ್ತಿಗೂ ಮ್ಯಾಲ ನೋಡ್ಕೊಂತನ ತಿರಗ್ತಾನ."

ಸಂಜೀವ ನಗು ತಡೆಯಲು ಕೆಮ್ಮಿದ.

"ಗರ್ಭ ಅಂತೀರಿ ನೀವ, ಕುಂದ್ರಸಿ ಹಡಸೋಕ ಹೋಗ್ತೀರಿ," ಎಂದಳು ಪಾಲಮ್ಮ. "ನಾಗಲಿಂಗವ್ವ ಹೇಳಿದಂಗ ಬಗ್ಗಸ್ರಿ. ತಪ್ಪು ಬಂದ್ರ ನನ್ನ ಮ್ಯಾಲ ಬರಲಿ."

"ತಪ್ಪು ಬರಂಗಿಲ್ಲ," ಎಂದಳು ನಾಗಲಿಂಗಮ್ಮ. ಅದು ಸಮಾಧಾನದ ಮಾತಾಗಿರಲಿಲ್ಲ.

ಸಂಜೀವ ಗುದ್ದಲಿ ತೆಗೆದುಕೊಂಡ. ಅಚ್ಚು ಒಳಗೆಲ್ಲ ಕೆಂಪಾಗಿ ಕಾದು ನಿಂತಿತ್ತು. ತಂತಿಯ ಕುಣಿಕೆಗಳಿಗೆ ಎರಡು ಸರಳು ತೂರಿಸಿ, ಅವನೂ ಕರಿಸಿದ್ದಪ್ಪನೂ ಎತ್ತಿ ಕುಣಿಗಿಳಿಸಿದರು. "ಇನ್ನೊಂಚೂರು ಮುಂದ. ಸಾಕು. ಬಲಕ್ಕ ವಾಲೈತಿ, ಸರಿ ಮಾಡ್ರಿ." ಸುತ್ತ ಒಣ ಮಣ್ಣು ತುಂಬಿ ಗಟ್ಟಿಮಾಡಿದರು. ಹೊರಗೆ ಕಾಣುತ್ತಿದ್ದುದು ಹೊಯ್ಯುವ ಬಾಯಿ, ಗಾಳಿದಾರಿ, ಎರಡೇ.

ಮೂಸೆಯ ಮೇಲೆ ಉರಿ ಹಸಿರಾಗಿತ್ತು. ಕೊನೆಗೆ ಹಾಕುವ ತವರವನ್ನು ಹಾಕಿ ಕಲಕಿ, ಮೇಲಿನ ಕಸರು ಬಳಿದು, ಸಂಜೀವ ಸರಳನ್ನು ಅದ್ದಿ ಎತ್ತಿದ. ಲೋಹ ಅಂಟಲಿಲ್ಲ, ನೀರಿನಂತೆ ಜಾರಿತು. ಇಕ್ಕಳದಲ್ಲಿ ಮೂಸೆ ಹಿಡಿದು ಅವನು ಕುಣಿಯ ಬಳಿ ಬಂದು ನಿಂತ. ಆ ಮಾತನ್ನು ಅವನು ತಾನೇ ಹೇಳಬೇಕಿತ್ತು. ಹೇಳದೆ ಅತ್ತಿಗೆಯ ಕಡೆ ನೋಡಿದ.

"ಹೊಯ್ಯಿ," ಎಂದಳು ನಾಗಲಿಂಗಮ್ಮ.

ಬೆರಳು ದಪ್ಪದ ಕೆಂಪು ಧಾರೆ ಕಡಿಯದೆ ಇಳಿಯಿತು. ಮಣ್ಣಿನೊಳಗಿಂದ ಸಣ್ಣ ಗುಳುಗುಳು ಸದ್ದು, ಗಾಳಿದಾರಿಯಿಂದ ಬಿಸಿ ಉಸಿರು. ಪಾಲಮ್ಮ ಏನೋ ಗುನುಗುತ್ತಿದ್ದಳು, ಬಹುಶಃ ಹೆರಿಗೆಯ ಹೊತ್ತಿಗೆ ಹೇಳುವುದೇ. ಗಾಳಿದಾರಿಯ ತುದಿಯಲ್ಲಿ ಲೋಹ ಕಣ್ಣು ಬಿಟ್ಟಂತೆ ಹೊಳೆದಾಗ ಸಂಜೀವ ಕೈ ನಿಲ್ಲಿಸಿದ. ಮೂಸೆಯ ತಳದಲ್ಲಿ ಒಂದು ಬೊಗಸೆಯಷ್ಟು ಉಳಿದಿತ್ತು. ಬೇಕಾದಷ್ಟು ಒಳಗೆ ಹೋಗಿದೆ ಎಂದರ್ಥ. ಎಲ್ಲಿಗೆ ಹೋಗಿದೆ ಎಂಬುದು ಮಾತ್ರ ನಾಳೆ ತಿಳಿಯಬೇಕು.

ಪಾಲಮ್ಮ ಅಂದು ಊರಿಗೆ ಹೋಗಲಿಲ್ಲ. ನಡುಮನೆಯಲ್ಲಿ ಚಾಪೆ ಹಾಸಿಕೊಟ್ಟರು. ರೊಟ್ಟಿ ಬಡಿಯುವ ನಾಗಲಿಂಗಮ್ಮನ ಪಕ್ಕದಲ್ಲಿ ಕೂತು, "ನಿನಗ ಸಿಟ್ಟು ಬರ್ಲಿಲ್ಲೇನು ನನ್ನ ಮ್ಯಾಲ?" ಎಂದು ಕೇಳಿದಳು.

"ನೀ ಆಕಿ ನೋವು ನೋಡಲಾರದ ಮೊಳಿ ಕಿತ್ತಿ. ನಾ ಆಕಿ ಮುಖ ಮುಚ್ಚೋದು ನೋಡಲಾರದ ಕಣ್ಣು ಮುಚ್ಚಿದೆ. ಯಾರ ಮ್ಯಾಲ ಯಾರು ಸಿಟ್ಟಾಗೋದು?"

"ಮತ್ತ ಅಂಜಿಕಿ?"

ನಾಗಲಿಂಗಮ್ಮ ಯೋಚಿಸಿದಳು. ಅಂಜಿಕೆ ಇರಬೇಕಿತ್ತು. ಹುಡುಕಿದರೆ ಸಿಗಲಿಲ್ಲ. ಮೂವತ್ತು ವರ್ಷ ಮೇಣ ಮಾಡಿಕೊಟ್ಟು ಅಡುಗೆಮನೆಯ ಕಿಟಕಿಯಿಂದ ಎರಕ ನೋಡಿದ್ದಳು. ಬೆಂಕಿ ತನ್ನದಲ್ಲ ಎಂದುಕೊಂಡೇ ಎಲ್ಲವನ್ನೂ ನೋಡಿ ಕಲಿತಿದ್ದಳು. ಇವತ್ತು ಗೊತ್ತಾದದ್ದು ಇಷ್ಟೇ, ತನಗೆ ಗೊತ್ತಿದೆ ಎಂಬುದು. "ರೊಟ್ಟಿ ಸುಡತೈತಿ, ತಿರುವಾಕು," ಎಂದಳು.

ಮರುದಿನ ಬೆಳಿಗ್ಗೆ ಅಚ್ಚು ಮುಟ್ಟುವಷ್ಟು ಆರಿತ್ತು. ಎತ್ತಿ ತಂದು ಕಟ್ಟೆಯ ಮೇಲಿಟ್ಟು ತಂತಿ ಕತ್ತರಿಸಿದರು. ಬೆನ್ನಿನಿಂದ ಒಡೆಯುತ್ತ ಬರುವುದು ಕ್ರಮ. ಸಂಜೀವನ ಸುತ್ತಿಗೆ ತುರುಬಿನ ಕೆಳಗೆ ಬಂದಾಗ ನಿಂತಿತು. ಎರಡು ಮೊಳೆಗಳ ನಡುವೆ ಹುಣಸೆಬೀಜದಷ್ಟು ತೂತು. ಒಳಗಿನ ಸುಟ್ಟ ಮಣ್ಣು ಅಲ್ಲಿ ಇಣುಕುತ್ತಿತ್ತು.

"ಅತ್ತಿಗಿ."

"ಕಂಡೆ. ಗರ್ಭ ಇಲ್ಲಿಗೆ ಬಂದೈತಿ. ಇಲ್ಲಿಗೆ ಬರಲಿ ಅಂತನ ಹೇಳಿದ್ದು."

ಮುಖದ ಮಣ್ಣನ್ನು ಅವಳೇ ಬಿಡಿಸಿದಳು, ಬಿದಿರಿನ ಕಡ್ಡಿಯಿಂದ, ಚೂರು ಚೂರಾಗಿ. ಗಲ್ಲ ಬಂತು. ತುಟಿ, ಮೂಗು. ಎಡಗೆನ್ನೆ. ಹಣೆಯ ಮೇಲಿನ ಕೊನೆಯ ಹೆಂಟೆ ತಾನೇ ಉದುರಿತು. ಕಪ್ಪಗೆ, ಒರಟಾಗಿ, ಒಂದು ತೂತೂ ಇಲ್ಲದೆ ಇಡೀ ಮುಖ ಅಲ್ಲಿತ್ತು.

ಮೊದಲ ಬಸ್ಸಿಗೆ ಬಂದಿದ್ದ ಕರಿಸಿದ್ದಪ್ಪ ಕೈ ಮುಗಿದ. ಪಾಲಮ್ಮ ಮುಟ್ಟಲು ಬಂದಾಗ ನಾಗಲಿಂಗಮ್ಮ ತಡೆದಳು. "ಈಗ ಬ್ಯಾಡ. ಇನ್ನೂ ಹುಟ್ಟಿದ ಹೊಲಸು ಐತಿ. ತೊಳದು ಕೊಡ್ತೀನಿ, ಆಮ್ಯಾಲ ನೋಡುವಂತಿ."

ತೊಳೆಯಲು ಹದಿನೆಂಟು ದಿನ ಬೇಕಾಯಿತು. ಲೋಹ ಹರಿದುಬಂದ ದಾರಿಗಳನ್ನು ಕೊಯ್ದು ತೆಗೆದು, ಒಳಗಿನ ಮಣ್ಣನ್ನೂ ಸರಳನ್ನೂ ಕೆಳಗಿನಿಂದ ಕೆರೆದು ಹಾಕಿದರು. ಐದು ಮೊಳೆ ಕಿತ್ತು, ಮೂಸೆಯಲ್ಲಿ ಉಳಿದಿದ್ದ ಲೋಹದಿಂದಲೇ ಕಡ್ಡಿ ಮಾಡಿ ಆ ತೂತುಗಳಿಗೆ ಬಡಿದರು. ತುರುಬಿನ ಕೆಳಗಿನ ತೂತನ್ನು ಸಂಜೀವ ಚೌಕವಾಗಿ ಕತ್ತರಿಸಿ, ಅದೇ ಲೋಹದ ತುಂಡನ್ನು ಬಿಗಿಯಾಗಿ ಕೂರಿಸಿ ಸುತ್ತ ಬಡಿದು ಬೆಸೆದ. ಅರದ ಕೆಲಸ ಮುಗಿದ ಮೇಲೆ ಆ ಜಾಗವನ್ನು ಅವನೇ ಹುಡುಕಬೇಕಾಯಿತು. ಆಮೇಲೆ ಉಳಿ. ಓಲೆಯ ಚುಕ್ಕಿ, ಮೂಗುತಿಯ ಕಲ್ಲು, ಕೂದಲಿನ ಗೆರೆಗಳನ್ನು ನಾಗಲಿಂಗಮ್ಮ ಒಂದೊಂದಾಗಿ ಚೂಪು ಮಾಡಿದಳು. ಕೊನೆಗೆ ಹುಣಸೆಹಣ್ಣು, ಅಂಟುವಾಳದ ನೊರೆ, ಹಿಟ್ಟಿನಷ್ಟು ನುಣ್ಣಗಿನ ಇಟ್ಟಂಗಿ ಪುಡಿ. ಉಕ್ಕಿನ ಕಡ್ಡಿಯಿಂದ ಒತ್ತಿ ಒತ್ತಿ ಉಜ್ಜಿದಾಗ ಕಪ್ಪು ಹೋಗಿ ಕೆಂಪು, ಕೆಂಪು ಹೋಗಿ ಹಳದಿ. ಮೂಗಿನ ತುದಿಯನ್ನು ಅವಳು ಅತಿಯಾಗಿ ಉಜ್ಜಲಿಲ್ಲ. ಅದನ್ನು ಸವೆಸಲು ಮುಂದೆ ಬೇಕಾದಷ್ಟು ಮಂಗಳವಾರಗಳಿವೆ.

ಹಟ್ಟಿಯವರು ಒಯ್ಯಲು ಬಂದ ದಿನ ಪಾಲಮ್ಮ ಚಪ್ಪಲಿ ಬಿಟ್ಟು ಒಳಗೆ ಬಂದವಳೇ ಕಣ್ಣು ಮುಚ್ಚಿದಳು. ಬೆರಳು ಗಲ್ಲದಿಂದ ಹೊರಟಿತು. ಎಡಗೆನ್ನೆಯ ಮೇಲೆ ಬಹಳ ಹೊತ್ತು ನಿಂತಿತು.

"ಇಲ್ಲೇ ಅದಾಳ," ಎಂದಳು.

ಆಮೇಲೆ ಹಣೆಗೆ ಹೋಗಿ, ಅತ್ತ ಇತ್ತ ಸವರಿ, ಕಣ್ಣು ಬಿಟ್ಟು ನಾಗಲಿಂಗಮ್ಮನ ಕಡೆ ನೋಡಿದಳು. ಮುಖದಲ್ಲಿ ಗೆದ್ದ ಕಳೆ. "ಮೊಳಿ ಇಲ್ದನೂ ಆತಲ್ಲ? ಅವತ್ತ ಹೇಳಿದ್ದೆ ನಾನು."

"ಏ ನಿನ್ನ!" ಎಂದು ಕರಿಸಿದ್ದಪ್ಪ ಹಣೆ ಚಚ್ಚಿಕೊಂಡ. ನಾಗಲಿಂಗಮ್ಮ ನಕ್ಕುಬಿಟ್ಟಳು. ಆ ಮೊಳೆಯನ್ನು ತಂದು ಮುದುಕಿಯ ಸೆರಗಿಗೆ ತಾನೇ ಗಂಟು ಹಾಕಿದಳು. "ಇಟ್ಕೋ. ಮತ್ತ ಯಾರ ಮನ್ಯಾಗಾದ್ರೂ ಕಿತ್ತಿ ಅಂದ್ರ ಇದನ್ನ ನೆನಸು."

ಎರಡು ತಿಂಗಳ ಮೇಲೆ ಕೋಗಳಿ ಕಡೆಯ ಒಂದು ಗುಡಿಗೆ ಇನ್ನೊಂದು ಪೊಳ್ಳು ಮುಖ ಒಪ್ಪಿಕೊಂಡರು. ಮೊದಲ ಲೇಪದ ದಿನ ನಾಗಲಿಂಗಮ್ಮ ಬೆನ್ನು ಮುಗಿಸಿ, ಭುಜ ಮುಗಿಸಿ, ಮುಖದ ಕಡೆ ತಿರುಗಿದಳು. ಮಣ್ಣಿನ ಗಂಜಿಯಲ್ಲಿ ಅದ್ದಿದ ಬೆರಳು ಮೇಲೆತ್ತಿದಳು. ರೆಪ್ಪೆಗಳು ಹಳೆಯ ಅಭ್ಯಾಸಕ್ಕೆ ತಾವೇ ಇಳಿಯತೊಡಗಿದವು. ಅವಳು ತೆರೆದಳು.

ಬಾಗಿಲಲ್ಲಿ ತಂತಿ ಸುರುಳಿ ಹಿಡಿದು ಬಂದ ಸಂಜೀವ ನಿಂತ. "ಅತ್ತಿಗಿ, ಕಣ್ಣು..."

"ತಗದಾವ," ಎಂದಳು. "ಮೊಳಿ ಎಣಸ್ತೀನಿ, ಸುಮ್ನಿರು."

ಒಂದು, ಎರಡು, ಮೂರು. ಆರನೆಯದು ಹಣೆಯಲ್ಲಿತ್ತು. ಅದರ ಸುತ್ತ ತೆಳ್ಳಗೆ ಮಣ್ಣು ಹರಡಿತು, ಹುಬ್ಬಿನ ಮೇಲೆ ಇಳಿಯಿತು, ಮೇಣದ ರೆಪ್ಪೆಯ ಗೆರೆಯೊಳಗೆ ಹೊಕ್ಕಿತು. ಅತ್ತೆ ಹೆದರಿಸಿದಂತೆ ಏನೂ ಆಗಲಿಲ್ಲ. ಮಲಗಿದ ಮಗುವಿಗೆ ದುಪಟಿ ಎಳೆದಂತೆ ಕಂಡಿತು, ಅಷ್ಟೇ. ಅವಳು ಮೂಗಿನ ಪಕ್ಕದ ಒಂದು ಗುಳ್ಳೆಯನ್ನು ಒಡೆದು, ಬೆರಳನ್ನು ಮತ್ತೆ ಗಂಜಿಗೆ ಅದ್ದಿದಳು.